ಲೀವ್ ಅಂಡ್ ಲೈಸೆನ್ಸ್ ಕರಾರಿನ ಒಂದು ಷರತ್ತನ್ನು ಸ್ಪ್ಯಾನಿಷ್‌ಗೆ ತಂದದ್ದು

ಪುಣೆಯಲ್ಲಿ ಮನೆ ಬಾಡಿಗೆಗೆ ಕೊಟ್ಟರೆ ಕಾಗದದ ಮೇಲೆ ಅದು ಸಾಮಾನ್ಯವಾಗಿ ಬಾಡಿಗೆ ಅಂತ ಇರುವುದೇ ಇಲ್ಲ. ಎಲ್ಲರೂ ಬಾಯಲ್ಲಿ ಬಾಡಿಗೆ ಅಂತಲೇ ಅನ್ನುತ್ತಾರೆ, ಆದರೆ ಸಹಿ ಬೀಳುವುದು ಲೀವ್ ಅಂಡ್ ಲೈಸೆನ್ಸ್ ಕರಾರಿಗೆ. ಅದರಲ್ಲಿ ಮಾಲೀಕ ಲೈಸೆನ್ಸರ್, ಇರಲು ಬಂದವನು ಲೈಸೆನ್ಸಿ, ತಿಂಗಳ ಹಣ ಲೈಸೆನ್ಸ್ ಫೀ. ಈ ಹೆಸರುಗಳು ಸುಮ್ನೆ ಇಟ್ಟದ್ದಲ್ಲ. 1882ರ ಭಾರತೀಯ ಈಸ್‌ಮೆಂಟ್ಸ್ ಕಾಯ್ದೆಯ 52ನೇ ಕಲಮಿನ ಪ್ರಕಾರ ಲೈಸೆನ್ಸ್ ಅಂದರೆ ಆ ಜಾಗದಲ್ಲಿ ಇರುವುದಕ್ಕೆ ಒಪ್ಪಿಗೆ ಅಷ್ಟೇ, ಆಸ್ತಿಯಲ್ಲಿ ಅವನಿಗೆ ಯಾವ ಹಿತಾಸಕ್ತಿಯೂ ಹುಟ್ಟುವುದಿಲ್ಲ. ಇದನ್ನು ಸ್ಪ್ಯಾನಿಷ್‌ನಲ್ಲಿ ಹೇಳಬೇಕಾಗಿ ಬಂದಾಗಲೇ ಇದರ ತೂಕ ನನಗೆ ಪೂರ್ತಿ ತಿಳಿದದ್ದು.

ಔಂಧ್‌ನಲ್ಲಿರುವ ನಮ್ಮ ದೂರದ ಸಂಬಂಧಿ ಕಾಕಾ ಒಬ್ಬರು, ಮೂಲ ವಿಜಯಪುರದವರು, ತಮ್ಮ ಬಾಣೇರಿನ ಫ್ಲ್ಯಾಟನ್ನು ಒಬ್ಬ ಸ್ಪೇನಿನ ಇಂಜಿನಿಯರ್‌ಗೆ ಕೊಡುವವರಿದ್ದರು. ಅವರು ಚಾಕಣ್ ಕಡೆಯ ಒಂದು ಕಾರ್ಖಾನೆಗೆ ಬಂದವರು, ಇಂಗ್ಲಿಷ್ ಸರಿಯಾಗಿಯೇ ಬರುತ್ತದೆ. ಹೆಂಡತಿಗೆ ಅಷ್ಟಾಗಿ ಬರುವುದಿಲ್ಲ, ಅವರೂ ಕರಾರಿಗೆ ಸಹಿ ಹಾಕುವವರು. ಕರಡಿನಲ್ಲಿ ಉಳಿದದ್ದೆಲ್ಲ ಸರಿ, ಮನೆ ಬಿಡುವ ಷರತ್ತು ಒಂದು ಮಾತ್ರ ತಮ್ಮ ಭಾಷೆಯಲ್ಲಿ ಕಣ್ಣಾರೆ ಓದಬೇಕು ಅಂತ ಅವರು ಕೇಳಿದರು. ನಾನು ಇಲ್ಲಿ ಸ್ಪ್ಯಾನಿಷ್ ಅನುವಾದ ಮಾಡಿಕೊಂಡಿರುವವಳು. ಕಾಕಾ ಫೋನ್ ಮಾಡಿ, "ತಂಗಿ, ಒಂದ ಪ್ಯಾರಾ ಐತಿ, ಸಂಜಿ ಒಳಗ ಮಾಡಿ ಕೊಡ್ತೀಯೇನ?" ಅಂದರು. ಕಳಿಸಿ ನೋಡೋಣ ಕಾಕಾ, ಆದರೆ ಸಂಜೆಗೆ ಆಗುವುದಿಲ್ಲ ಅಂದೆ.

ಷರತ್ತು ಇಂಗ್ಲಿಷ್‌ನಲ್ಲಿ ಒಂದೇ ಉದ್ದದ ವಾಕ್ಯ. ಕನ್ನಡದಲ್ಲಿ ಬಿಡಿಸಿ ಹೇಳಿದರೆ ಹೀಗೆ: ಅವಧಿ ಮುಗಿದ ದಿನ ಲೈಸೆನ್ಸಿ ಮನೆಯನ್ನು ಖಾಲಿ ಮಾಡಿ, ತಕರಾರಿಲ್ಲದೆ, ಮಾಮೂಲಿ ಸವಕಳಿ ಒಂದನ್ನು ಬಿಟ್ಟು ಕೊಟ್ಟಾಗ ಇದ್ದ ಸ್ಥಿತಿಯಲ್ಲೇ ಲೈಸೆನ್ಸರ್ ಸ್ವಾಧೀನಕ್ಕೆ ಒಪ್ಪಿಸತಕ್ಕದ್ದು. ಒಪ್ಪಿಸದೇ ಹೋದರೆ, ಉಳಿದಷ್ಟು ಕಾಲಕ್ಕೆ ಲೈಸೆನ್ಸ್ ಫೀಯ ದುಪ್ಪಟ್ಟು ದರದಲ್ಲಿ ನಷ್ಟಭರ್ತಿ ಕೊಡತಕ್ಕದ್ದು. ಬಾಕಿ ಇರುವುದನ್ನು ಮತ್ತು ಹಾನಿಯ ಖರ್ಚನ್ನು ಲೈಸೆನ್ಸರ್ ಬಡ್ಡಿಯಿಲ್ಲದ ಡಿಪಾಸಿಟ್‌ನಿಂದ ಮುರಿದುಕೊಳ್ಳಬಹುದು. ಫೀ ತಿಂಗಳಿಗೆ 45,000 ರೂಪಾಯಿ, ಡಿಪಾಸಿಟ್ 1,50,000.

ಆ ದುಪ್ಪಟ್ಟು ದರ ಏಜೆಂಟ್ ತನ್ನ ಮನಸ್ಸಿಗೆ ಬಂದ ಹಾಗೆ ಹಾಕಿದ್ದಲ್ಲ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 24ನೇ ಕಲಮಿನಲ್ಲೇ ಅದು ಇದೆ. ಅವಧಿ ಮುಗಿದರೂ ಬಿಡದ ಲೈಸೆನ್ಸಿ ಲೈಸೆನ್ಸ್ ಫೀಯ ದುಪ್ಪಟ್ಟು ದರದಲ್ಲಿ ನಷ್ಟಭರ್ತಿ ಕೊಡಬೇಕು, ಮಾಲೀಕ ಸಕ್ಷಮ ಪ್ರಾಧಿಕಾರಕ್ಕೆ ಹೋಗಿ ಮನೆ ಬಿಡಿಸಿಕೊಳ್ಳಬಹುದು. ಹಾಗಾಗಿ ನಾನು ಮೊದಲು ಓದಿದ್ದು ಆ ಕಲಮನ್ನು, ಸ್ಪ್ಯಾನಿಷ್ ನಿಘಂಟನ್ನಲ್ಲ. ಷರತ್ತಿನ ಬೇರು ಎಲ್ಲಿದೆ ಅಂತ ಗೊತ್ತಿಲ್ಲದಿದ್ದರೆ, ಯಾವ ಪದ ಅಲ್ಲಾಡಬಾರದು, ಯಾವುದನ್ನು ಸ್ವಲ್ಪ ಸಡಿಲ ಬಿಡಬಹುದು ಅನ್ನುವುದೇ ತಿಳಿಯುವುದಿಲ್ಲ.

ಮೊದಲ ಗಂಟು ಪಕ್ಷಗಳ ಹೆಸರಿನಲ್ಲೇ ಸಿಕ್ಕಿತು. ಸ್ಪ್ಯಾನಿಷ್‌ನಲ್ಲಿ ಮನೆ ಬಾಡಿಗೆಗೆ ತಟ್ಟನೆ ಬರುವ ಪದ ಅರೆಂದಾಮಿಯೆಂತೊ. ಮಾಲೀಕ ಅರೆಂದಾದೋರ್, ಬಾಡಿಗೆದಾರ ಅರೆಂದತಾರಿಯೊ, ತಿಂಗಳ ಹಣ ರೆಂತಾ. ಓದುವುದಕ್ಕೆ ಸೊಗಸಾಗಿ, ಸಹಜವಾಗಿ ಇರುತ್ತದೆ. ಆದರೆ ಸ್ಪೇನಿನವರು ಈ ಪದ ನೋಡಿದ ಕೂಡಲೇ ಅದರ ಹಿಂದೆ ಅವರ 1994ರ ನಗರ ಬಾಡಿಗೆ ಕಾಯ್ದೆ ಬಂದು ನಿಲ್ಲುತ್ತದೆ. ಆ ಕಾಯ್ದೆಯ 9ನೇ ವಿಧಿಯ ಪ್ರಕಾರ, ವಾಸದ ಮನೆಯ ಕರಾರು ಎಷ್ಟೇ ಕಡಿಮೆ ಅವಧಿಗೆ ಆಗಿದ್ದರೂ ಬಾಡಿಗೆದಾರ ಬಯಸಿದರೆ ವರ್ಷ ವರ್ಷ ಮುಂದುವರಿದು 5 ವರ್ಷ ಮುಟ್ಟುತ್ತದೆ, ಮಾಲೀಕ ಕಂಪನಿಯಾಗಿದ್ದರೆ 7 ವರ್ಷ. ನಮ್ಮ ಕರಾರು 11 ತಿಂಗಳದ್ದು, ಮುಗಿದ ದಿನ ಮುಗಿಯಿತು. ಅರೆಂದಾಮಿಯೆಂತೊ ಅಂತ ಬರೆದರೆ ಕಾಗದದಲ್ಲಿ 11 ತಿಂಗಳು ಅಂತ ಇದ್ದರೂ ಆ ದಂಪತಿಯ ಮನಸ್ಸಿನಲ್ಲಿ, ಬೇಕಾದರೆ ಇನ್ನೂ ಇರಬಹುದು ಅನ್ನುವ ಭಾವನೆ ಕೂತುಬಿಡುತ್ತದೆ. ಅಲ್ಲಿಗೆ ಷರತ್ತಿನ ಜೀವವೇ ಹೋದಂತೆ ಅಲ್ವಾ.

ಹಾಗಂತ ಲಿಸೆನ್ಸಿಯಾ ಅಂತ ಒಂಟಿಯಾಗಿ ಬರೆದರೂ ನಡೆಯುವುದಿಲ್ಲ. ಅಲ್ಲಿ ಆ ಪದ ಜಾಸ್ತಿ ಬಳಕೆಯಾಗುವುದು ಸರ್ಕಾರ ಕೊಡುವ ಪರವಾನಗಿಗೆ, ಕಟ್ಟಡ ಕಟ್ಟುವುದಕ್ಕೋ ಅಂಗಡಿ ತೆರೆಯುವುದಕ್ಕೋ ಕೊಡುವಂಥದ್ದಕ್ಕೆ. ಅದಕ್ಕೆ ಲಿಸೆನ್ಸಿಯಾ ದೆ ಉಸೊ ಇ ಒಕುಪಾಸಿಯೋನ್ ಅಂತ ಇಟ್ಟೆ, ಅಂದರೆ ಬಳಸಿ ವಾಸವಿರುವುದಕ್ಕೆ ಕೊಟ್ಟ ಒಪ್ಪಿಗೆ. ಪಕ್ಷಗಳು ಲಿಸೆನ್ಸಿಯಾಂತೆ ಮತ್ತು ಲಿಸೆನ್ಸಿಯಾತಾರಿಯೊ. ಇವು ಸ್ವಲ್ಪ ಬಿಗಿಯಾಗಿ ಕೇಳುತ್ತವೆ, ಮನೆಯ ಕಾಗದಕ್ಕಿಂತ ಸಾಫ್ಟ್‌ವೇರ್ ಅಥವಾ ಪೇಟೆಂಟ್ ಕರಾರಿನಲ್ಲಿ ಹೆಚ್ಚು ಕಾಣುವ ಪದಗಳು. ಆದರೂ ಇಲ್ಲಿ ಆ ಬಿಗಿ ಇರುವುದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಇದು ನಮ್ಮ ಊರಿನ ಬಾಡಿಗೆ ಕರಾರಿನಂಥದ್ದಲ್ಲ, ಬೇರೆ ದೇಶದ ಬೇರೆ ವ್ಯವಸ್ಥೆ ಅಂತ ಓದುವವರಿಗೆ ಮೊದಲ ಸಾಲಿನಲ್ಲೇ ತಿಳಿಯಬೇಕು. ಲೈಸೆನ್ಸ್ ಫೀಗೆ ರೆಂತಾ ಬಿಟ್ಟು ಕೊಂತ್ರಾಪ್ರೆಸ್ತಾಸಿಯೋನ್ ಮೆನ್ಸುಆಲ್ ಅಂತ ಹಾಕಿದೆ, ಇರಲು ಬಿಟ್ಟದ್ದಕ್ಕೆ ಪ್ರತಿಯಾಗಿ ತಿಂಗಳು ತಿಂಗಳು ಕೊಡುವ ಹಣ ಅಂತ.

ರೆಂತಾ ಬೇಡ ಅನ್ನುವುದಕ್ಕೆ ಇನ್ನೊಂದು ಬಲವಾದ ಕಾರಣ ಇತ್ತು, ಅದು ನಷ್ಟಭರ್ತಿಗೆ ಸೇರಿದ್ದು. ಸ್ಪೇನಿನ ನಾಗರಿಕ ಸಂಹಿತೆಯ 1566ನೇ ವಿಧಿಯ ಪ್ರಕಾರ, ಕರಾರು ಮುಗಿದ ಮೇಲೂ ಬಾಡಿಗೆದಾರ ಮಾಲೀಕನ ಸಮ್ಮತಿಯಿಂದ 15 ದಿನ ಉಳಿದರೆ, ಬೇಡ ಅಂತ ಮೊದಲೇ ತಿಳಿಸಿರದಿದ್ದರೆ, ಮೌನವಾಗಿ ಕರಾರು ನವೀಕರಣ ಆಯಿತು ಅಂತ ಲೆಕ್ಕ. ತಾಸಿತಾ ರೆಕೊಂದುಕ್ಸಿಯೋನ್ ಅನ್ನುತ್ತಾರೆ. ಅವಧಿ ಮುಗಿದ ಮೇಲಿನ ಹಣವನ್ನು ಅನುವಾದದಲ್ಲಿ ಎರಡು ಪಟ್ಟು ರೆಂತಾ ಅಂತ ಬರೆದುಬಿಟ್ಟರೆ ಓದುವವರು ಏನು ತಿಳಿಯುತ್ತಾರೆ? ಜಾಸ್ತಿ ಬಾಡಿಗೆ ಕೊಟ್ಟರೆ ಇರಬಹುದು ಅಂತ. 24ನೇ ಕಲಮು ಹೇಳುವುದು ಇದಕ್ಕೆ ಪೂರ್ತಿ ವಿರುದ್ಧ. ಹಕ್ಕಿಲ್ಲದೆ ಉಳಿದದ್ದಕ್ಕೆ ತುಂಬಿಕೊಡುವ ನಷ್ಟ ಅದು, ಇರುವುದಕ್ಕೆ ಕೊಡುವ ಬೆಲೆ ಅಲ್ಲ.

ಹಾಗಾದರೆ ಅದಕ್ಕೆ ಪದ ಯಾವುದು? ಇಂಗ್ಲಿಷ್‌ನಲ್ಲಿ ಡ್ಯಾಮೇಜ್ ಮತ್ತು ಡ್ಯಾಮೇಜಸ್ ನಡುವೆ ಇರುವುದು ಒಂದು ಅಕ್ಷರದ ವ್ಯತ್ಯಾಸ, ಮತ್ತು ಈ ಷರತ್ತಿನಲ್ಲಿ ಎರಡೂ ಇವೆ. ಒಂದು ಗೋಡೆಗೆ, ಬಾಗಿಲಿಗೆ ಆದ ಹಾನಿ. ಇನ್ನೊಂದು ಕಾನೂನಿನ ನಷ್ಟಭರ್ತಿ. ಸ್ಪ್ಯಾನಿಷ್‌ನಲ್ಲಿ ಬರೀ ದಾನ್ಯೋಸ್ ಅಂದರೆ ಮೊದಲು ಹೊಳೆಯುವುದು ಒಡೆದ ಕಿಟಕಿ, ಕಿತ್ತ ನಲ್ಲಿ. ಎರಡು ಕಡೆಯೂ ದಾನ್ಯೋಸ್ ಅಂತಲೇ ಹಾಕಿದರೆ, ಮನೆಗೆ ಏನೂ ಆಗದೆ ಸುಮ್ನೆ ಉಳಿದುಕೊಂಡವನು ನಾನೇನು ಹಾಳು ಮಾಡಿಲ್ಲವಲ್ಲ ಅಂತ ವಾದಿಸಬಹುದು. ಹಾಗಾಗಿ ಗೋಡೆ, ನಲ್ಲಿಗೆ ದೆಸ್ಪೆರ್ಫೆಕ್ತೋಸ್ ಅಂತ ಹಾಕಿ, ದುಪ್ಪಟ್ಟು ದರದ ಜಾಗದಲ್ಲಿ ಇಂದೆಮ್ನಿಸಾಸಿಯೋನ್ ಪೊರ್ ದಾನ್ಯೋಸ್ ಇ ಪೆರ್ಹುಯಿಸಿಯೋಸ್ ಅಂತ ಪೂರ್ತಿ ಬರೆದೆ. ಅಲ್ಲಿನ ವಕೀಲರು ನ್ಯಾಯಾಲಯದಲ್ಲಿ ಕೇಳುವ ನಷ್ಟಭರ್ತಿಗೆ ದಿನಾ ಬಳಸುವ ಜೋಡಿ ಪದ ಅದು. ಒಂದನ್ನು ಕತ್ತರಿಸಿದರೆ ಅರ್ಥ ಅರ್ಧಕ್ಕೆ ಇಳಿಯುತ್ತದೆ.

ಪೆನಾಲಿಸಾಸಿಯೋನ್ ಅಂತ ಹಾಕಬಹುದಿತ್ತಲ್ಲ, ಅದು ಚಿಕ್ಕದು, ಎಲ್ಲರಿಗೂ ಅರ್ಥವಾಗುವಂಥದ್ದು ಅಂತ ನನ್ನ ಜೊತೆ ಸ್ಪ್ಯಾನಿಷ್ ಓದಿದ ಗೆಳತಿ ಕೇಳಿದಳು. ಅದು ದಂಡ ಆಗುತ್ತದೆ. ದಂಡಕ್ಕೆ ಸ್ಪೇನಿನ ಸಂಹಿತೆಯಲ್ಲಿ ಬೇರೆಯೇ ನಿಯಮಗಳಿವೆ. ಕರಾರನ್ನು ಸ್ವಲ್ಪವಾದರೂ ಪಾಲಿಸಿದ್ದರೆ ನ್ಯಾಯಾಧೀಶರು ದಂಡವನ್ನು ಇಳಿಸಬಹುದು ಅಂತ 1154ನೇ ವಿಧಿ ಹೇಳುತ್ತದೆ. ಮೂಲದಲ್ಲಿ ಕಾಯ್ದೆಯೇ ನಷ್ಟಭರ್ತಿ ಅಂದಿರುವಾಗ ಅನುವಾದಕಿ ಅದನ್ನು ದಂಡ ಮಾಡುವ ಹಾಗಿಲ್ಲ.

ಆಮೇಲೆ ಬಂದದ್ದು ಲೆಕ್ಕ, ನನ್ನನ್ನು ಅತಿ ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಇದೇ. ದುಪ್ಪಟ್ಟು ದರದಲ್ಲಿ ಅಂದರೆ ಒಟ್ಟು 90,000. ಮಾಮೂಲಿ 45,000 ಕೊಟ್ಟು ಅದರ ಮೇಲೆ ಇನ್ನೂ 90,000 ಅಲ್ಲ. ಸ್ಪ್ಯಾನಿಷ್‌ನಲ್ಲಿ ಅದೆಮಾಸ್ ಅನ್ನುವ ಒಂದು ಸಣ್ಣ ಪದ, ಅಂದರೆ ಅದರ ಜೊತೆಗೆ ಅನ್ನುವುದು, ಸೇರಿಕೊಂಡರೆ ಹೊರೆ ಮೂರು ಪಟ್ಟಾಗಿ 1,35,000ಕ್ಕೆ ಹೋಗುತ್ತದೆ. ಬರೀ ಉನ್ ರೆಕಾರ್ಗೊ ದೆಲ್ ದೋಬ್ಲೆ ಅಂತ ಬರೆದರೂ ಅದೇ ಗೊಂದಲ, ಯಾಕೆಂದರೆ ರೆಕಾರ್ಗೊ ಅಂದರೆ ಮೇಲೆ ಹೇರುವ ಹೆಚ್ಚುವರಿ ಮೊತ್ತ. ಅದಕ್ಕೆ ಆ ರಸೋನ್ ದೆಲ್ ದೋಬ್ಲೆ ದೆ ಲಾ ಕೊಂತ್ರಾಪ್ರೆಸ್ತಾಸಿಯೋನ್ ಅಂತ ಇಟ್ಟೆ. ಆ ಹಣದ ಎರಡು ಪಟ್ಟಿನ ದರದಲ್ಲಿ, ಅಷ್ಟೇ.

ಆದರೆ ಹತ್ತು ದಿನ ಮಾತ್ರ ಉಳಿದರೆ? ಇಂಗ್ಲಿಷ್ ಕರಡಿನಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ದರ ಅಂತ ಇದೆ, ದಿನಕ್ಕೋ ತಿಂಗಳಿಗೋ ಅಂತ ಇಲ್ಲ. ಒಬ್ಬರು ಅದನ್ನು ತಿಂಗಳಿಗೆ 90,000, ಆದ್ದರಿಂದ ದಿನಕ್ಕೆ 3,000, ಹತ್ತು ದಿನಕ್ಕೆ 30,000 ಅಂತ ಓದಬಹುದು. ಇನ್ನೊಬ್ಬರು ತಿಂಗಳೊಳಗೆ ಕಾಲಿಟ್ಟರೆ ಪೂರ್ತಿ 90,000 ಅಂತ ಓದಬಹುದು. ಇಂಥ ಕಡೆ ಅನುವಾದ ಮಾಡುವವರ ಕೈ ತುರಿಸುತ್ತದೆ, ಒಂದು ಪದ ಸೇರಿಸಿ ಸರಿ ಮಾಡಿಬಿಡೋಣ ಅಂತ. ಹಾಗೆ ಮಾಡಬಾರದು. ಸ್ಪ್ಯಾನಿಷ್ ಸ್ಪಷ್ಟವಾಗಿ, ಇಂಗ್ಲಿಷ್ ಅಸ್ಪಷ್ಟವಾಗಿ ಉಳಿದರೆ ಎರಡು ಕಾಗದ ಎರಡು ಮಾತು ಹೇಳುತ್ತವೆ, ನಾಳೆ ಜಗಳ ಅಲ್ಲಿಂದಲೇ ಶುರು. ಮೂಲ ಮಸುಕಾಗಿದ್ದರೆ ಅನುವಾದವನ್ನೂ ಹಾಗೇ ಬಿಡಬೇಕು, ಇಲ್ಲವೇ ಮೂಲವನ್ನೇ ಸರಿ ಮಾಡಿಸಬೇಕು.

ಕರಾರು ಇನ್ನೂ ನೋಂದಣಿಗೆ ಹೋಗಿರಲಿಲ್ಲ, ಅದು ಒಳ್ಳೆಯದಾಯಿತು. ಮಹಾರಾಷ್ಟ್ರದ ಅದೇ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನ ಪ್ರಕಾರ ಲೀವ್ ಅಂಡ್ ಲೈಸೆನ್ಸ್ ಕರಾರು ಬರಹದಲ್ಲಿ ಇರಲೇಬೇಕು, ನೋಂದಣಿ ಆಗಲೇಬೇಕು, 11 ತಿಂಗಳದ್ದಾದರೂ ಬಿಡುವಿಲ್ಲ, ಮಾಡಿಸುವ ಹೊಣೆ ಮಾಲೀಕರದ್ದು. ನೋಂದಣಿ ಆದ ಮೇಲೆ ಒಂದು ಪದ ಬದಲಿಸುವುದೂ ದೊಡ್ಡ ಕೆಲಸ. ನಾನು ಕಾಕಾಗೆ ಫೋನ್ ಮಾಡಿ, "ಹತ್ತು ದಿನ ಉಳಿದ್ರೆ ಎಷ್ಟು ತಗೊಳ್ಳಬೇಕು ಅಂತ ನಿಮ್ಮ ಮನಸ್ಸಿನಲ್ಲಿದೆ ಕಾಕಾ?" ಅಂತ ಕೇಳಿದೆ.

"ಹತ್ತ ದಿನಕ್ಕ ಹತ್ತ ದಿನದ್ದ. ಪೂರಾ ತಿಂಗಳದ್ದ ಯಾಕ ತಗೊಳ್ಳೂಣು?"

"ಹಾಗಂತ ನಿಮ್ಮ ಕರಡಿನಲ್ಲಿ ಇಲ್ಲ."

"ಇಲ್ಲೇನು? ಎಲ್ಲಾರೂ ಹಂಗ ತಿಳಕೋತಾರಲ್ಲ."

ಅವರು ಏಜೆಂಟ್‌ಗೆ ಹೇಳಿ, ದಿನದ ಲೆಕ್ಕದಲ್ಲಿ ಅನ್ನುವ ಮಾತನ್ನು ಇಂಗ್ಲಿಷ್‌ನಲ್ಲಿ ಸೇರಿಸಿಸಿದರು. ಅದಾದ ಮೇಲೇ ನಾನು ಸ್ಪ್ಯಾನಿಷ್‌ನಲ್ಲಿ ಪ್ರೊರ್ರಾತೆಯಾದಾ ಪೊರ್ ದಿಯಾಸ್ ಅಂತ ಬರೆದದ್ದು. ಇದರಿಂದ ಇಬ್ಬರಿಗೂ ಲಾಭವಾಯಿತು ಅಂತ ನನಗೆ ಖುಷಿಯಿದೆ.

ಡಿಪಾಸಿಟ್‌ಗೂ ಇದೇ ಎಚ್ಚರಿಕೆ ಬೇಕಾಯಿತು. ಸ್ಪೇನಿನಲ್ಲಿ ಬಾಡಿಗೆ ಮನೆಗೆ ಕೊಡುವ ಮುಂಗಡಕ್ಕೆ ಫಿಯಾನ್ಸಾ ಅನ್ನುತ್ತಾರೆ. ಅವರ 1994ರ ಕಾಯ್ದೆಯ 36ನೇ ವಿಧಿಯಲ್ಲಿ ವಾಸದ ಮನೆಗೆ ಅದು ಒಂದು ತಿಂಗಳ ಬಾಡಿಗೆಯಷ್ಟು ಅಂತ ನಿಗದಿಯಾಗಿದೆ, ಮತ್ತು ಬೀಗದ ಕೈ ಒಪ್ಪಿಸಿ ಒಂದು ತಿಂಗಳು ಕಳೆದರೂ ವಾಪಸ್ ಕೊಡದಿದ್ದರೆ ಕಾನೂನಿನ ಬಡ್ಡಿ ಬೀಳುತ್ತದೆ. ನಮ್ಮದು ಮೂರು ತಿಂಗಳಿಗಿಂತ ಜಾಸ್ತಿ, ಬಡ್ಡಿಯಿಲ್ಲ. ಫಿಯಾನ್ಸಾ ಅಂತ ಬರೆದರೆ ಆ ಎರಡೂ ನಿಯಮ ಓದುವವರ ತಲೆಗೆ ತಾನಾಗಿ ಬರುತ್ತವೆ. ದೆಪೋಸಿತೊ ಎನ್ ಗರಾಂತಿಯಾ, ಸಿನ್ ದೆವೆಂಗೊ ದೆ ಇಂತೆರೆಸೆಸ್ ಅಂತ ಹಾಕಿದೆ. ಅಂದರೆ ಭದ್ರತೆಗೆ ಇಟ್ಟ, ಬಡ್ಡಿ ಬೆಳೆಯದ ಹಣ. ದೆವೆಂಗೊ ಅನ್ನುವುದು ಬಡ್ಡಿಗೆ ಅಲ್ಲಿನ ಕಾಗದಗಳಲ್ಲಿ ಬರುವ ಪದವೇ, ಬ್ಯಾಂಕಿನವರಿಗೂ ಪರಿಚಿತ.

ಮೊತ್ತ ಬರೆಯುವಾಗ ನಮ್ಮ ಲಕ್ಷದ ಅಲ್ಪವಿರಾಮ ಹಾಗೇ ಬಿಡುವ ಹಾಗಿಲ್ಲ. ಸ್ಪೇನಿನಲ್ಲಿ ಅಲ್ಪವಿರಾಮ ಅಂದರೆ ದಶಮಾಂಶ. 1,50,000 ನೋಡಿದರೆ ಒಂದೂವರೆಯೋ ಏನೋ ಅಂತ ಕಣ್ಣು ತಡವರಿಸುತ್ತದೆ. ಅದಕ್ಕೆ ಮೊದಲು ಅಕ್ಷರದಲ್ಲಿ ನೂರ ಐವತ್ತು ಸಾವಿರ ಭಾರತೀಯ ರೂಪಾಯಿ ಅಂತ ಬರೆದು, ಪಕ್ಕದಲ್ಲಿ ಅಂಕಿಯನ್ನು 150 000 ಅಂತ ಜಾಗ ಬಿಟ್ಟು ಇಟ್ಟೆ.

ಇನ್ನು ಧಾಟಿ. ಕನ್ನಡದ ಸರ್ಕಾರಿ ಕಾಗದದಲ್ಲಿ ತಕ್ಕದ್ದು ಅಂತ ಬಂದರೆ ಅದು ಸಲಹೆಯಲ್ಲ, ಹೊಣೆ ಅಂತ ನಮಗೆ ಗೊತ್ತು. ಇಂಗ್ಲಿಷ್‌ನ ಶಲ್ ಕೂಡ ಹಾಗೇ. ಸ್ಪ್ಯಾನಿಷ್ ಕರಾರುಗಳಲ್ಲಿ ಅದನ್ನು ಭವಿಷ್ಯತ್ಕಾಲ ಹೊರುತ್ತದೆ. ದೆಬೆರಾ ರೆಸ್ತಿತುಯಿರ್, ಅಂದರೆ ಮರಳಿ ಒಪ್ಪಿಸತಕ್ಕದ್ದು. ಇದರಲ್ಲಿ ಒಂದೇ ಒಂದು ಸ್ವರ ಜಾರಿ ದೆಬೆರಿಯಾ ಆದರೆ ಒಪ್ಪಿಸಿದರೆ ಒಳ್ಳೆಯದು ಅನ್ನುವ ಬುದ್ಧಿಮಾತಾಗುತ್ತದೆ. ನಡುವೆ ದೆ ಸೇರಿ ದೆಬೆರಾ ದೆ ಆದರೆ ಒಪ್ಪಿಸಬಹುದೇನೋ ಅನ್ನುವ ಊಹೆ. ಬಾಯಿಮಾತಿನಲ್ಲಿ ಸ್ಪೇನಿನವರೇ ಇವನ್ನು ಬೆರೆಸುತ್ತಾರೆ, ಕರಾರಿನಲ್ಲಿ ಬೆರೆಸುವ ಹಾಗಿಲ್ಲ. ಡಿಪಾಸಿಟ್‌ನಿಂದ ಮುರಿದುಕೊಳ್ಳಬಹುದು ಅನ್ನುವ ಕಡೆ ಮಾತ್ರ ಪೊದ್ರಾ, ಯಾಕೆಂದರೆ ಅದು ಮಾಲೀಕರ ಹಕ್ಕು, ಕರ್ತವ್ಯ ಅಲ್ಲ.

ಖಾಲಿ ಮಾಡಿ ತಕರಾರಿಲ್ಲದೆ ಒಪ್ಪಿಸುವುದಕ್ಕೆ ಇಂಗ್ಲಿಷ್‌ನಲ್ಲಿ ಎರಡು ಗುಣವಾಚಕಗಳಿದ್ದವು. ಅವನ್ನು ಒಂದೊಂದಾಗಿ ಇಳಿಸಿದರೆ ಶಾಂತಿಯುತ ಮನೆ ಅನ್ನುವ ಹಾಗೆ ಕೇಳುತ್ತದೆ. ಅಲ್ಲಿನ ಮನೆ ಬಿಡಿಸುವ ತೀರ್ಪುಗಳಲ್ಲಿ ಪದೇ ಪದೇ ಬರುವ ಒಂದು ಸಿದ್ಧ ಮಾತಿದೆ: ಲೀಬ್ರೆ, ವಾಕುವಾ ಇ ಎಕ್ಸ್‌ಪೆದೀತಾ. ಜನ ಇಲ್ಲದೆ, ಸಾಮಾನು ಇಲ್ಲದೆ, ಅಡ್ಡಿ ಇಲ್ಲದೆ ಅಂತ. ಮೂಲದಲ್ಲಿ ಎರಡು, ಇಲ್ಲಿ ಮೂರು ಪದ, ಆದರೆ ಕಾನೂನಿನ ಫಲ ಒಂದೇ. ಇಂಥ ಕಡೆ ಎಣಿಕೆಗಿಂತ ಆ ದೇಶದ ರೂಢಿಯೇ ಮೇಲು. ಅರೆಂದಾಮಿಯೆಂತೊ ಬೇಡ ಅಂದವಳು ಇದನ್ನು ಯಾಕೆ ತಗೊಂಡೆ ಅಂದರೆ, ಅದು ಹೊಸ ಹಕ್ಕು ಹುಟ್ಟಿಸುತ್ತದೆ, ಇದು ಯಾವುದನ್ನೂ ಹುಟ್ಟಿಸುವುದಿಲ್ಲ. ಸವಕಳಿಗೂ ಅವರ ಕಾಯ್ದೆಯ 21ನೇ ವಿಧಿಯ ಮಾತನ್ನೇ ತಗೊಂಡೆ, ದೆಸ್ಗಾಸ್ತೆ ಪೊರ್ ಎಲ್ ಉಸೊ ಒರ್ದಿನಾರಿಯೊ. ಒಂದು ತೊಡಕಿದೆ: ಆ ವಿಧಿ ಇಂಥ ಸವಕಳಿಯ ಸಣ್ಣ ರಿಪೇರಿಯನ್ನು ಬಾಡಿಗೆದಾರನ ತಲೆಗೆ ಹಾಕುತ್ತದೆ, ನಮ್ಮ ಷರತ್ತು ಅದನ್ನು ಬಿಟ್ಟುಕೊಡುತ್ತದೆ. ಆದ್ದರಿಂದ ಮುಂದೆ ಸಾಲ್ವೊ, ಅಂದರೆ ಹೊರತುಪಡಿಸಿ, ಅನ್ನುವುದನ್ನು ಎದ್ದು ಕಾಣುವ ಜಾಗದಲ್ಲಿ ಇಟ್ಟೆ.

ಮುಗಿದ ಮೇಲೆ ಗೆಳತಿಗೆ ಸ್ಪ್ಯಾನಿಷ್ ಮಾತ್ರ ಕೊಟ್ಟೆ, ಇಂಗ್ಲಿಷ್ ತೋರಿಸಲಿಲ್ಲ. ಯಾರು, ಯಾವಾಗ, ಏನು ಕೊಡಬೇಕು ಅಂತ ಕನ್ನಡದಲ್ಲಿ ಹೇಳು ಅಂದೆ. ಅವಳು ಹೇಳಿದ್ದನ್ನು ಮೂಲದ ಪಕ್ಕ ಇಟ್ಟು ನೋಡಿದೆ. ಆ ದಂಪತಿ ಬಂದಾಗಲೂ ಅರ್ಥವಾಯಿತಾ ಅಂತ ನಾನು ಕೇಳಲಿಲ್ಲ. ಹಾಗೆ ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. ಹತ್ತು ದಿನ ತಡವಾದರೆ ಎಷ್ಟಾಗುತ್ತದೆ ಅಂತ ಹೆಂಡತಿಯನ್ನು ಕೇಳಿದೆ. ಅವರು ಓದಿ, ಫೋನಿನಲ್ಲಿ ಗುಣಿಸಿ, 30,000 ಅಂದರು. ಆಮೇಲೆ ನನ್ನ ಕಡೆ ನೋಡಿ, "ಅಂದರೆ ನಾವು ಕೇಳಿದರೂ ತಾನಾಗಿ ಮುಂದುವರಿಯುವುದಿಲ್ಲ, ಹೊಸ ಕರಾರೇ ಬೇಕು, ಅಲ್ಲವೇ?" ಅಂತ ಸ್ಪ್ಯಾನಿಷ್‌ನಲ್ಲಿ ಕೇಳಿದರು. ಹೌದು ಅಂದೆ. ಗಂಡ ಕಾಕಾನ ಕಡೆ ತಿರುಗಿ, ಅವಧಿ ಮುಗಿಯುವ ಎರಡು ತಿಂಗಳ ಮುಂಚೆ ಹೊಸ ಕರಾರಿನ ಬಗ್ಗೆ ಮಾತಾಡಬಹುದಾ ಅಂತ ಇಂಗ್ಲಿಷ್‌ನಲ್ಲಿ ವಿಚಾರಿಸಿದರು, ಕಾಕಾ ಆಗಲಿ ಅಂದರು.

ಹಾಳೆಯ ತುದಿಯಲ್ಲಿ ಎರಡು ಸಾಲು ಹಾಕಿದ್ದೆ: ಇದು ಮಾಹಿತಿಗಾಗಿ ಮಾಡಿದ ಅನುವಾದ, ವ್ಯತ್ಯಾಸ ಕಂಡರೆ ನೋಂದಣಿಯಾದ ಇಂಗ್ಲಿಷ್ ಪಠ್ಯವೇ ಅಂತಿಮ. ಸ್ಪೇನಿನ ಕಚೇರಿಗಳಿಗೆ ಇದನ್ನು ಕೊಡಬೇಕಾಗಿ ಬಂದರೆ ಅಲ್ಲಿನ ವಿದೇಶಾಂಗ ಸಚಿವಾಲಯ ನೇಮಿಸಿದ ಪ್ರಮಾಣಿತ ಅನುವಾದಕರ ಮುದ್ರೆ ಬೇಕು, ನನ್ನ ಸಹಿ ಸಾಲದು ಅಂತಲೂ ಅವರಿಗೆ ಹೇಳಿದೆ. ಕಾಕಾ ಇಂಗ್ಲಿಷ್ ಕರಡನ್ನು ನೋಂದಣಿಗೆ ಕಳಿಸಿದರು, ಸ್ಪ್ಯಾನಿಷ್ ಹಾಳೆಯನ್ನು ಆ ದಂಪತಿ ತಮ್ಮ ಫೈಲಿಗೆ ಸೇರಿಸಿಕೊಂಡರು.